ಕೌಂಟರಿನ ಮಾತು: ಇಪ್ಪತ್ತಮೂರು

ಗೆರೆಯಕ್ಕ ಬರೆದುಕೊಟ್ಟ ವರದಿ ಎರಡೇ ಪುಟದ್ದು. ಅಷ್ಟು ಸಣ್ಣ ವರದಿಗೆ ಅರವತ್ತು ದಾಟಿದ ಮನುಷ್ಯನೊಬ್ಬನ ಬಾಯಿ ಮುಚ್ಚಿಸುವ ತಾಕತ್ತು ಇದೆಯೆಂದು ಅವಳಿಗೆ ಗೊತ್ತಾದದ್ದು ಒಂದು ಮಂಗಳವಾರ ಬೆಳಿಗ್ಗೆ, ಗಂಡನ ಕೋಟನ್ನು ತೋಳಿಗೆ ಹಾಕಿಕೊಂಡು ಲಾಂಡ್ರಿ ಅಂಗಡಿಯ ಮೆಟ್ಟಿಲು ಹತ್ತಿದಾಗ.

ಅಂಗಡಿ ಸದ್ದಿಲ್ಲದೆ ನಡೆಯುತ್ತಿತ್ತು. ಕೌಂಟರಿನ ಮೇಲೆ ಹೊಸದೊಂದು ಯಂತ್ರ ಕೂತಿತ್ತು. ಗುಂಡಿ ಒತ್ತಿದರೆ ನಾಲಿಗೆ ಚಾಚಿದ ಹಾಗೆ ಒಂದು ಚೀಟಿ ಹೊರಗೆ ಬರುತ್ತಿತ್ತು. ಯಂತ್ರದ ಹಿಂದೆ ಅಂಗಡಿಯ ಯಜಮಾನಿ ತಾನೇ ಕೂತು ಬಟ್ಟೆ ತೆಗೆದುಕೊಳ್ಳುತ್ತಿದ್ದಳು, ಚೀಟಿ ಹರಿದುಕೊಡುತ್ತಿದ್ದಳು, ಮುಂದಿನವರನ್ನು ನೋಡುತ್ತಿದ್ದಳು. ಗಿರಾಕಿಗಳು ಆಸ್ಪತ್ರೆಯಲ್ಲಿ ಸರದಿ ಕಾಯುವವರಂತೆ ತಮ್ಮ ತಮ್ಮ ಪಾದಗಳನ್ನೇ ನೋಡುತ್ತ ನಿಂತಿದ್ದರು.

ಮಾವ ಎಲ್ಲಿ ಎಂದು ಗೆರೆಯಕ್ಕ ಕೇಳಿದಳು. ಮಾವ ಎಂದರೆ ಯಜಮಾನಿಯ ಸೋದರಮಾವ. ಮೂವತ್ತೊಂದು ವರ್ಷ ಆ ಕೌಂಟರಿನ ಹಿಂದೆ ನಿಂತವರು. ಯಜಮಾನಿಗೆ ಮಾವನಾದ ತಪ್ಪಿಗೆ ಬೀದಿಗೆಲ್ಲ ಮಾವನಾಗಿದ್ದರು. ಅಂಗಿ ಕೊಡಲು ಹೋದವರಿಗೆ ಅವರು ಅಂಗಿಯ ಯೋಗಕ್ಷೇಮ ವಿಚಾರಿಸಿ, ಆಮೇಲೆ ಅಂಗಿಯೊಳಗಿನವರದ್ದು ವಿಚಾರಿಸಿ, ಆಮೇಲೆ ಅವರ ಮನೆಯವರದ್ದು ವಿಚಾರಿಸಿ, ಕೊನೆಗೆ ಮನಸ್ಸಿಲ್ಲದ ಮನಸ್ಸಿನಿಂದ ರಸೀದಿ ಬರೆದುಕೊಡುತ್ತಿದ್ದರು.

"ಒಳಗಿದ್ದಾರೆ," ಎಂದಳು ಯಜಮಾನಿ. "ಇಸ್ತ್ರಿ ಕಡೆ ಹಾಕಿದ್ದೀನಿ. ನೀವೇ ಅಲ್ವಾ ಹೇಳಿದ್ದು?"

"ನಾನಾ?"

"ನಲವತ್ತೆಂಟು ಜನದಲ್ಲಿ ಇಪ್ಪತ್ತಮೂರು ಜನ ಅವರ ಮಾತಿನ ಮೇಲೆ ದೂರು ಹೇಳಿದ್ದಾರೆ ಅಂದ್ಮೇಲೆ ಇನ್ನೇನು ಮಾಡ್ಲಿ ಹೇಳಿ. ನನ್ನನ್ನ ಎತ್ತಿ ಆಡಿಸಿದವರು. ಎದುರಿಗೆ ಹೇಳೋಕೆ ಬಾಯಿ ಬರ್ಲಿಲ್ಲ. ನಿಮ್ಮ ಕಾಗದಾನೇ ಕೈಗೆ ಕೊಟ್ಬಿಟ್ಟೆ."

ಗೆರೆಯಕ್ಕ ಪರದೆಯ ಸಂದಿನಿಂದ ಒಳಗೆ ಇಣುಕಿದಳು. ಹಬೆಯ ನಡುವೆ ಮಾವ ಬೆನ್ನು ಬಗ್ಗಿಸಿ ಒಂದು ಪ್ಯಾಂಟಿನ ಗೆರೆ ಕೂರಿಸುತ್ತಿದ್ದರು. ಅವರ ತಲೆಯ ಮೇಲಿನ ಗೋಡೆಯಲ್ಲಿ ಅವಳ ವರದಿಯ ಎರಡನೆಯ ಪುಟ ಅಂಟಿಕೊಂಡಿತ್ತು. ಅಂಟಿಸಿದ್ದು ಯಾರು ಎಂದು ಕಣ್ಣಲ್ಲೇ ಕೇಳಿದ್ದಕ್ಕೆ, "ಅವರೇ," ಎಂದು ಯಜಮಾನಿ ಪಿಸುಗುಟ್ಟಿದಳು. ಮಾವ ತಲೆ ಎತ್ತಿದರು. ಗೆರೆಯಕ್ಕನನ್ನು ನೋಡಿ ಮರ್ಯಾದೆಗೆ ಕತ್ತು ಆಡಿಸಿದರು. ಮತ್ತೆ ಪ್ಯಾಂಟಿಗೆ ಬಗ್ಗಿದರು.

ಅವಳು ಕೋಟು ಕೊಟ್ಟು, ಶುಕ್ರವಾರಕ್ಕೆ ಎಂಬ ಚೀಟಿ ಹಿಡಿದು, ಮೆಟ್ಟಿಲು ಇಳಿದು, ಮನೆಯವರೆಗೂ ಒಂದೇ ವಾಕ್ಯವನ್ನು ಜಗಿಯುತ್ತ ನಡೆದಳು: ನಾನು ದೂರು ಅಂತ ಎಲ್ಲಿ ಬರೆದಿದ್ದೆ?

ಎಲ್ಲೂ ಬರೆದಿರಲಿಲ್ಲ. ಅದೇ ಈಗಿನ ಸಂಕಟ.

ಗೆರೆಯಕ್ಕನಿಗೆ ಆ ಹೆಸರು ಬಂದದ್ದು ಕೆಲಸದಿಂದ. ಸಣ್ಣ ಅಂಗಡಿಯವರಿಗೆ ತಮ್ಮ ಗಿರಾಕಿಗಳು ಬೆನ್ನ ಹಿಂದೆ ಏನನ್ನುತ್ತಾರೆಂದು ತಿಳಿಯುವ ಚಪಲ ಇರುತ್ತದೆ, ತಾವೇ ಕೇಳುವ ಧೈರ್ಯ ಇರುವುದಿಲ್ಲ. ಆ ಚಪಲಕ್ಕೂ ಧೈರ್ಯಕ್ಕೂ ನಡುವಿನ ಖಾಲಿ ಜಾಗದಲ್ಲಿ ಗೆರೆಯಕ್ಕನೂ ಅವಳ ದೊಡ್ಡಮ್ಮನೂ ಒಂದು ಕೋಣೆಯ ಕಚೇರಿ ಇಟ್ಟಿದ್ದರು. ಫೋನ್ ಮಾಡುವುದು ದೊಡ್ಡಮ್ಮ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ನಿವೃತ್ತಿಯಾದವರು. ಅವರ ಧ್ವನಿಗೆ ಸಾಲಗಾರನೂ ಫೋನ್ ಇಡದೆ ಉತ್ತರ ಕೊಡುತ್ತಿದ್ದ. ಒಪ್ಪಿಗೆ ಕೇಳಿ ಕರೆಯನ್ನು ರೆಕಾರ್ಡ್ ಮಾಡಿಕೊಳ್ಳುತ್ತಿದ್ದರು. ಪ್ರತಿ ಕರೆಯ ಮೊದಲಲ್ಲೂ ಒಂದೇ ಮಾತು: ನೀವು ಹೇಳಿದ್ದನ್ನ ನಾವಿಬ್ರೇ ಕೇಳೋದು, ಅಂಗಡಿಯವರಿಗೆ ನಿಮ್ಮ ಹೆಸರೂ ಹೋಗಲ್ಲ, ಧ್ವನೀನೂ ಹೋಗಲ್ಲ. ಆಮೇಲೆ ಗೆರೆಯಕ್ಕ ಕಿವಿಗೆ ಹೆಡ್‌ಫೋನ್ ಹಾಕಿ ಕೂರುತ್ತಿದ್ದಳು. ಒಂದೊಂದು ಕರೆಗೆ ಒಂದು ನಂಬರು. ಒಂದೊಂದು ಉತ್ತರಕ್ಕೆ ಒಂದು ಗೆರೆ. ನಾಲ್ಕು ಗೆರೆ ನಿಲ್ಲಿಸಿ ಐದನೆಯದನ್ನು ಅಡ್ಡ ಎಳೆದರೆ ಒಂದು ಕಟ್ಟು. ಕಟ್ಟುಗಳನ್ನು ಎಣಿಸಿದರೆ ಜನಾಭಿಪ್ರಾಯ.

ಲಾಂಡ್ರಿಯ ಹಳೆಯ ರಸೀದಿ ಪುಸ್ತಕಗಳಿಂದ ಹತ್ತಕ್ಕೊಂದರಂತೆ ತೊಂಬತ್ತು ನಂಬರು ಆರಿಸಿದ್ದರು. ಅರವತ್ತೊಂದು ಜನ ಫೋನ್ ಎತ್ತಿದ್ದರು, ನಲವತ್ತೆಂಟು ಜನ ಕೊನೆಯವರೆಗೂ ಉತ್ತರಿಸಿದ್ದರು. ಬಟ್ಟೆ ಹೇಳಿದ ದಿನಕ್ಕೆ ಸಿಕ್ಕಿತೇ? ಹೌದು ಮೂವತ್ತೊಂಬತ್ತು, ಇಲ್ಲ ಏಳು, ನೆನಪಿಲ್ಲ ಎರಡು. ಮನೆಗೇ ಬಂದು ಬಟ್ಟೆ ಒಯ್ದರೆ ಬೇಕೇ? ಬೇಕು ಇಪ್ಪತ್ತೊಂದು, ಬೇಡ ಇಪ್ಪತ್ತೈದು, ಹೇಳಲಾಗದು ಎರಡು. ಹೀಗೆ ನಾಲ್ಕು ಪ್ರಶ್ನೆ ಕೂಡಿಸಿ ಕಳೆದರೂ ಒಂದು ಗೆರೆ ಆಚೀಚೆಯಾಗಿರಲಿಲ್ಲ.

ಎಡವಟ್ಟಾಗಿದ್ದು ಐದನೆಯದರಲ್ಲಿ. ಅದು ಬಾಗಿಲು ತೆರೆದಿಟ್ಟ ಪ್ರಶ್ನೆ: "ಅಂಗಡಿ ಬಗ್ಗೆ ಇನ್ನೇನಾದ್ರೂ ಹೇಳೋದಿದ್ಯಾ?" ಇಂಥ ಪ್ರಶ್ನೆಗೆ ಹೌದು ಇಲ್ಲ ಎಂಬ ಉತ್ತರ ಬರುವುದಿಲ್ಲ, ಊರೇ ಒಳಗೆ ಬರುತ್ತದೆ. ಬಂದವರನ್ನು ಜಾತಿವಾರು ಕೂರಿಸಬೇಕು. ಗೆರೆಯಕ್ಕ ಐದು ಡಬ್ಬಿ ಮಾಡಿದ್ದಳು. ಗಾಡಿ ನಿಲ್ಲಿಸಲು ಜಾಗ ಇಲ್ಲ, ಒಂಬತ್ತು. ಗುಂಡಿ ಕಿತ್ತು ಬರುತ್ತದೆ, ಆರು. ಬಟ್ಟೆಗೆ ವಾಸನೆ, ನಾಲ್ಕು. ಏನೂ ಇಲ್ಲ, ಹನ್ನೊಂದು. ಇನ್ನು ಮಾವನ ಮಾತು ಎತ್ತಿದವರಿಗೆಲ್ಲ ಒಂದೇ ಡಬ್ಬಿ: ಕೌಂಟರಿನ ಮಾತು, ಇಪ್ಪತ್ತಮೂರು. ಒಬ್ಬರೇ ಎರಡು ವಿಷಯ ಹೇಳಿರಬಹುದು, ಹಾಗಾಗಿ ಮೊತ್ತ ನಲವತ್ತೆಂಟನ್ನು ದಾಟುತ್ತದೆ ಎಂದು ಕೆಳಗೆ ಪುಟ್ಟ ಅಕ್ಷರದಲ್ಲಿ ಟಿಪ್ಪಣಿಯನ್ನೂ ಹಾಕಿದ್ದಳು. ಅಷ್ಟು ಶಿಸ್ತು!

ಆ ಪುಟ್ಟ ಅಕ್ಷರದಲ್ಲಿ ಬರೆಯದೇ ಬಿಟ್ಟದ್ದು ಒಂದೇ. ಆ ಡಬ್ಬಿಗೆ ಬಿದ್ದವರಲ್ಲಿ ಮಾವನ ಮಾತು ಬೇಕು ಎಂದವರೆಷ್ಟು, ಸಾಕು ಎಂದವರೆಷ್ಟು? ವಿಷಯ ಒಂದೇ ಎಂದು ಹೊಗಳಿದವರನ್ನೂ ತೆಗಳಿದವರನ್ನೂ ಒಂದೇ ಬೆಂಚಿನ ಮೇಲೆ ಕೂರಿಸಿದ್ದಳು. ಪಟ್ಟಿಯ ತಲೆಬರಹ 'ಗಿರಾಕಿಗಳು ಎತ್ತಿದ ವಿಷಯಗಳು'. ಸರಿಯಾಗಿಯೇ ಇತ್ತು. ಆದರೆ ಜಾಗ ಇಲ್ಲ, ಗುಂಡಿ ಇಲ್ಲ, ವಾಸನೆ ಇದೆ ಎನ್ನುವ ಪಂಕ್ತಿಯಲ್ಲಿ ಕೂತ ಮೇಲೆ ಮಾವನ ಮಾತೂ ಒಂದು ದೂರಲ್ಲದೆ ಮತ್ತೇನಾಗಿ ಕಾಣಬೇಕು?

ಆ ಪಟ್ಟಿಯ ಪಕ್ಕದಲ್ಲೇ 'ಪ್ರಾತಿನಿಧಿಕ ಮಾತುಗಳು' ಎಂಬ ಅಂಕಣ. ಡಬ್ಬಿಗೊಂದು ಮಾತು. ಕೌಂಟರಿನ ಡಬ್ಬಿಗೆ ಮೂವತ್ತೊಂದನೆಯ ಕರೆಯಿಂದ ಆರಿಸಿದ್ದಳು: "ಅಂಗಿ ಒಗೆಯೋಕೆ ಕೊಟ್ರೆ ಕಿವೀನೂ ಒಗ್ದು, ಇಸ್ತ್ರಿ ಹಾಕಿ ಕಳಿಸ್ತಾರೆ." ಕೇಳಿದ ಕೂಡಲೇ ಗೆರೆಯಕ್ಕ ಕುರ್ಚಿಯಲ್ಲೇ ನಕ್ಕಿದ್ದಳು. ಪ್ರಾತಿನಿಧಿಕವೋ ಅಲ್ಲವೋ ಎಂದು ಕೇಳಿಕೊಂಡಿರಲಿಲ್ಲ. ಸೊಗಸಾಗಿದೆ, ಅಷ್ಟೇ. ವರದಿ ಒಣಗಿದ ರೊಟ್ಟಿಯಾಗಬಾರದು, ಓದುವವರಿಗೆ ಒಂದು ಕಡೆಯಾದರೂ ಬೆಣ್ಣೆ ಸಿಗಬೇಕು ಎಂಬುದು ಅವಳ ಅಭಿಮಾನ.

ಈಗ ಅಭಿಮಾನಕ್ಕೆ ಹೆಡ್‌ಫೋನ್ ಹಾಕಿಸಿ ಕೂರಿಸಿದಳು. ಇಪ್ಪತ್ತಮೂರು ಕರೆಗಳನ್ನು ಮತ್ತೆ ಕೇಳಿದಳು. ಈ ಸಲ ಎರಡು ಡಬ್ಬಿ. ಹೆಚ್ಚು ಹೊತ್ತು ಬೇಕಾಗಲಿಲ್ಲ. ಮೂರನೆಯ ಕರೆಯಲ್ಲೊಬ್ಬಾಕೆ, ಮಾವ ಕೇಳಿದ್ದರಿಂದಲೇ ತನ್ನ ಸೀರೆಯ ಮೇಲಿದ್ದದ್ದು ಎಣ್ಣೆಯಲ್ಲ ಶಾಯಿ ಎಂದು ನೆನಪಾಯಿತು ಎನ್ನುತ್ತಿದ್ದಳು. ಒಂಬತ್ತನೆಯವರು, ಮನೆಯಲ್ಲಿ ಮಾತಾಡುವವರಿಲ್ಲ, ಅದಕ್ಕೇ ವಾರಕ್ಕೊಂದು ಅಂಗಿ ಕೊಡುತ್ತೇನೆ ಎಂದಿದ್ದರು. ಹದಿನಾಲ್ಕನೆಯವರು ಸಿಡುಕಿದ್ದರು, ಬಸ್ಸು ತಪ್ಪಿತಂತೆ. ಸಂಜೆಯೊಳಗೆ ಗೆರೆಗಳು ಎದ್ದು ನಿಂತವು. ಇಷ್ಟ ಎಂದವರು ಹದಿನಾರು. ಕಾಟ ಎಂದವರು ಐದು. ಎರಡನ್ನೂ ಎಂದವರು ಇಬ್ಬರು.

ಆ ಇಬ್ಬರಲ್ಲಿ ಒಬ್ಬರು ಮೂವತ್ತೊಂದನೆಯ ಕರೆಯವರು.

ಆ ಕರೆಯನ್ನು ಅವಳು ಕೊನೆಗೆ ಉಳಿಸಿಕೊಂಡಿದ್ದಳು, ನೋಯುವ ಹಲ್ಲಿನಿಂದ ಅಗಿಯುವುದನ್ನು ಮುಂದೂಡುವಂತೆ. ಕಿವಿ ಒಗೆಯುವ ಮಾತು ಬಂತು. ಹೇಳಿದವರೇ ನಕ್ಕರು. ದೊಡ್ಡಮ್ಮನೂ ನಕ್ಕರು. ನಗು ನಾಲ್ಕೈದು ಸೆಕೆಂಡು ಇತ್ತು. ಮೊದಲ ಸಲ ಗೆರೆಯಕ್ಕ ಇಲ್ಲಿಗೇ ನಿಲ್ಲಿಸಿ, ಮಾತನ್ನು ಬರೆದುಕೊಂಡು, ಖುಷಿಗೆ ಕಾಫಿ ಮಾಡಲು ಎದ್ದಿದ್ದಳು. ಬಂದವಳು ಮೂವತ್ತೆರಡನೆಯದನ್ನು ಹಾಕಿದ್ದಳು. ಈ ಸಲ ಏಳಲಿಲ್ಲ. ನಗು ಮುಗಿದ ಮೇಲೆ ಆ ಧ್ವನಿ ಒಂದು ಕ್ಷಣ ತಡೆದು ಹೇಳಿತು: "ಆದ್ರೂ ನೋಡಿ, ನಾನು ಆಸ್ಪತ್ರೆಯಿಂದ ಬಂದ್ಮೇಲೆ ಹೆಂಗಿದ್ದೀಯಪ್ಪಾ ಅಂತ ಬೀದೀಲಿ ಕೇಳಿದ್ದು ಅವರೊಬ್ರೇ. ಇದನ್ನೂ ಬರ್ಕೊಳಿ."

ಬರ್ಕೊಳಿ ಎಂದಿತ್ತು ಧ್ವನಿ. ದೊಡ್ಡಮ್ಮ, "ಬರ್ಕೋತೀವಿ," ಎಂದೂ ಅಂದಿದ್ದರು.

ಗೆರೆಯಕ್ಕ ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟಳು. ಕಿವಿ ಬಿಸಿಯಾಗಿತ್ತು. ಯಾರೋ ಇಸ್ತ್ರಿ ಹಾಕಿದಂತೆ ಎಂಬ ಹೋಲಿಕೆ ತಾನಾಗಿಯೇ ಬಂದಾಗ ತನ್ನ ಮೇಲೇ ಹೇಸಿಗೆಯಾಯಿತು. ಇಂಥ ಹೊತ್ತಲ್ಲೂ ಬೆಣ್ಣೆ ಹುಡುಕುವ ನಾಲಿಗೆ.

ತಪ್ಪಾದಾಗ ಮನುಷ್ಯರು ಒಪ್ಪಿಕೊಳ್ಳುವುದಕ್ಕೆ ಮೊದಲು ವ್ಯಾಕರಣದ ಮೊರೆ ಹೋಗುತ್ತಾರೆ. ಗೆರೆಯಕ್ಕ ಬುಧವಾರವಿಡೀ ಯಜಮಾನಿಗೆ ಪತ್ರ ಬರೆದಳು. ಮೊದಲ ಪತ್ರದಲ್ಲಿ 'ಅರ್ಥೈಸುವಿಕೆಯಲ್ಲಿ ಗೊಂದಲ ಉಂಟಾಗಿರುವ ಸಾಧ್ಯತೆ ಕಂಡುಬಂದಿರುತ್ತದೆ' ಎಂದಿತ್ತು. ಗೊಂದಲ ತಾನೇ ಉಂಟಾಗಿ, ತಾನೇ ಕಂಡುಬಂದಿತ್ತು. ಅಲ್ಲಿ ಮನುಷ್ಯರ ಸುಳಿವೇ ಇರಲಿಲ್ಲ. ಎರಡನೆಯದಕ್ಕೆ 'ಹೆಚ್ಚುವರಿ ವಿಶ್ಲೇಷಣೆ' ಎಂದು ಹೆಸರಿಟ್ಟಳು, ತಪ್ಪನ್ನೇ ಬೋನಸ್ಸಿನಂತೆ ಕೊಡುವ ಉಪಾಯ. ಮೂರನೆಯದರಲ್ಲಿ, ತಲೆಬರಹ ಸರಿಯಾಗಿ ಓದಿದ್ದರೆ ಹೀಗಾಗುತ್ತಿರಲಿಲ್ಲ ಎಂಬರ್ಥ ಬರುವಂತೆ ಬರೆದು, ತಾನೇ ಓದಿ, ನಾಚಿ ಅಳಿಸಿದಳು.

ಹೆದರಿಕೆಗೆ ಇನ್ನೊಂದು ಕಾರಣವೂ ಇತ್ತು. ವರದಿ ಮೆಚ್ಚಿದ ಯಜಮಾನಿ ಬೀದಿಯ ಅಂಗಡಿಯವರ ಸಂಘದಲ್ಲಿ ಅವಳನ್ನು ಹಾಡಿ ಹೊಗಳಿದ್ದಳು. ಬೇಕರಿಯವನು, ಕನ್ನಡಕದವನು, ಬೀಗದ ಕೈ ಮಾಡುವವನು, ಹೀಗೆ ಆರು ಜನ ತಮಗೂ ಇಂಥದ್ದೇ ಎರಡು ಪುಟ ಬೇಕೆಂದಿದ್ದರು. ಭಾನುವಾರ ಸಂಘದ ಸಭೆಯಲ್ಲಿ ಅವಳು ಬಂದು ವಿವರಿಸಬೇಕೆಂದು ಮಾತಾಗಿತ್ತು. ಅಂದರೆ ಒಂದು ವರ್ಷದ ಕೆಲಸ. ಗೆರೆ ಎಣಿಸುವವಳಿಗೇ ಗೆರೆ ತಪ್ಪಿದೆ ಎಂದು ತಿಳಿದರೆ ಯಾರು ಕರೆಯುತ್ತಾರೆ?

ಗುರುವಾರ ದೊಡ್ಡಮ್ಮ ಕಚೇರಿಗೆ ಬಂದವರು ಅವಳ ಮುಖ ನೋಡಿ ಚೀಲವನ್ನೂ ಇಳಿಸದೆ ಕೂತರು. ಗೆರೆಯಕ್ಕ ಎಲ್ಲವನ್ನೂ ಹೇಳಿದಳು. ಹೇಳುತ್ತ ಹೇಳುತ್ತ, ತಾನು ದೂರು ಎಂದು ಬರೆದಿರಲಿಲ್ಲ ಎಂಬುದನ್ನು ನಾಲ್ಕು ಸಲ ಹೇಳಿದಳು. ದೊಡ್ಡಮ್ಮ ಒಂದೊಂದಕ್ಕೂ ಹೂಂ ಎನ್ನುತ್ತಿದ್ದರು. ಐದನೆಯ ಸಲ ಹೂಂ ಅನ್ನಲಿಲ್ಲ.

"ಪೂರ್ತಿ ಕೇಳ್ದೇ ಎದ್ದಿದ್ದು ಯಾರೇ?"

"ನಾನೇ."

"ಆ ಮಾತು ಹಾಕಿದ್ದು ಯಾಕೆ?"

"ಚೆನ್ನಾಗಿತ್ತು ದೊಡ್ಡಮ್ಮ."

"ಚೆನ್ನಾಗಿರೋದನ್ನ ಹಾಕೋಕೆ ನಾವೇನು ಪತ್ರಿಕೆ ನಡೆಸ್ತಿದ್ದೀವಾ? ನಾನು ಆ ಮನುಷ್ಯನಿಗೆ ಬರ್ಕೋತೀವಿ ಅಂತ ಮಾತು ಕೊಟ್ಟಿದ್ದೆ ಕಣೆ. ಎಕ್ಸ್‌ಚೇಂಜಲ್ಲಿ ಮೂವತ್ತು ವರ್ಷ ಊರವರ ಮಾತೆಲ್ಲ ನನ್ನ ಕೈಯಲ್ಲಿ ಹಾದುಹೋಯ್ತು. ಒಬ್ರ ಲೈನೂ ಅರ್ಧಕ್ಕೆ ಕಿತ್ತಿಲ್ಲ."

ಬೈಗುಳಕ್ಕಿಂತ ಆ ತಣ್ಣನೆಯ ಲೆಕ್ಕ ಚುಚ್ಚಿತು. ಪತ್ರ ಬರೆಯುತ್ತೇನೆ ಎಂದಳು ಗೆರೆಯಕ್ಕ. ಕಾಗದದಿಂದ ಆದದ್ದು ಸಾಕು, ಕಾಲಿನಿಂದ ಹೋಗು ಎಂದರು ದೊಡ್ಡಮ್ಮ.

ಶುಕ್ರವಾರ ಹೋದಳು. ಕೋಟು ಸಿದ್ಧವಾಗಿತ್ತು. ಯಜಮಾನಿ ಅದನ್ನು ಮೇಜಿನ ಮೇಲೆ ಹರಡಿದಾಗ ಎದೆಯ ಎಡಭಾಗದಲ್ಲಿ ಅಂಗೈಯಗಲದ ಕಂದು ಗುರುತು ಇಬ್ಬರನ್ನೂ ನೋಡಿತು. ಗಂಡ ಮದುವೆಮನೆಯಲ್ಲಿ ಚೆಲ್ಲಿಕೊಂಡ ಕಾಫಿ. ಕೊಡುವಾಗ ಹೇಳಲು ಮರೆತಿದ್ದಳು, ಕೇಳಲು ಯಂತ್ರಕ್ಕೆ ಬಾಯಿರಲಿಲ್ಲ. ಮೊದಲೇ ಗುರುತು ಮಾಡಿ ಬಿಡಿಸದೆ ಬಿಸಿ ಇಸ್ತ್ರಿ ಕೂತರೆ ಕಾಫಿ ಬಟ್ಟೆಯಲ್ಲೇ ಮನೆ ಮಾಡುತ್ತದೆ. ಮಾವ ಕೌಂಟರಿನಲ್ಲಿದ್ದಾಗ ಹೀಗಾಗುತ್ತಿರಲಿಲ್ಲ. ಯಾರ ಮದುವೆ, ಊಟಕ್ಕೇನು, ಕಾಫಿ ಕೊಟ್ಟರಾ, ಕೊಟ್ಟದ್ದು ಬಾಯಿಗೋ ಬಟ್ಟೆಗೋ ಎಂದು ಅವರು ವಿಚಾರಿಸುತ್ತಿದ್ದ ಆ ಉದ್ದದ ಕುಶಲವೆಲ್ಲ ಕೊನೆಗೆ ರಸೀದಿಯ ಮೂಲೆಯಲ್ಲಿ 'ಕಾಫಿ, ಎಡ ಎದೆ' ಎಂಬ ಮೂರು ಪದವಾಗುತ್ತಿತ್ತು. ಕಲೆ ತೆಗೆಯುವುದು ಒಂದು ಕಲೆ ಎಂದು ಅವರೇ ಹೇಳಿ ತಾವೇ ನಗುತ್ತಿದ್ದರು, ದಿನಕ್ಕೆ ನಾಲ್ಕು ಸಲ.

ಎರಡು ವಾರದಲ್ಲಿ ಇದು ಏಳನೆಯದು ಎಂದು ಯಜಮಾನಿ ತಲೆ ತಗ್ಗಿಸಿ ಕ್ಷಮೆ ಕೇಳಿದಳು. ಕ್ಷಮೆ ಕೇಳಬೇಕಾದವಳೇ ಕ್ಷಮೆ ಕೇಳಿಸಿಕೊಳ್ಳುವ ಪಾಡು ಬಂದಾಗ ಗೆರೆಯಕ್ಕನಿಗೆ ತಡೆಯಲಾಗಲಿಲ್ಲ. ಅಂಗಡಿಯಲ್ಲಿ ಆಗ ಗಿರಾಕಿಗಳಿರಲಿಲ್ಲ. ಚೀಲದಿಂದ ಹೊಸ ಪಟ್ಟಿ ತೆಗೆದು ಕೋಟಿನ ಮೇಲೆ, ಆ ಕಂದು ಗುರುತಿನ ಮೇಲೇ ಇಟ್ಟಳು.

"ತಪ್ಪು ನಂದು," ಎಂದಳು. "ಹೊಗಳಿದವರನ್ನೂ ಬೈದವರನ್ನೂ ಒಟ್ಟಿಗೆ ಎಣಿಸ್ಬಿಟ್ಟೆ. ಇಪ್ಪತ್ತಮೂರರಲ್ಲಿ ಬೇಡ ಅಂದವರು ಐದೇ ಜನ. ಹದಿನಾರು ಜನ ಮಾವ ಮಾತಾಡ್ಲಿ ಅಂತಾನೇ ಹೇಳಿದ್ದಾರೆ. ಆ ಕಿವಿ ಮಾತಿದೆಯಲ್ಲ, ಅದೂ ಅರ್ಧ. ಉಳಿದರ್ಧ ನಾನು ಕೇಳ್ಲೇ ಇಲ್ಲ."

ಯಜಮಾನಿ ಪಟ್ಟಿಯನ್ನು ಎರಡು ಸಲ ಓದಿದಳು. ಬೈಯಬಹುದೆಂದು ಗೆರೆಯಕ್ಕ ಕಾದಳು. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಯಜಮಾನಿ ಮೆಲ್ಲಗೆ ಹೇಳಿದ್ದು ಬೇರೆಯೇ: ಆ ಕಾಗದ ಕೈಗೆ ಕೊಟ್ಟ ದಿನ ಮಾವ ಓದಿ, ಇಷ್ಟು ದಿನ ಯಾರೂ ಹೇಳಲಿಲ್ಲವಲ್ಲಮ್ಮಾ ಎಂದು ಒಂದೇ ಮಾತು ಕೇಳಿದರಂತೆ. ಆಮೇಲೆ ಪರದೆ ಸರಿಸಿ, ಹೋಗಿ ನೀವೇ ಹೇಳಿ ಎಂದಳು.

ಹಬೆಯಲ್ಲಿ ನಿಂತು ಗೆರೆಯಕ್ಕ ಹೇಳಿದಳು. ಹದಿನಾರು ಮಾತುಗಳನ್ನೂ ಓದಿದಳು, ಹೆಸರಿಲ್ಲದೆ, ಒಂದೊಂದಾಗಿ. ಸೀರೆಯ ಶಾಯಿ, ವಾರಕ್ಕೊಂದು ಅಂಗಿ, ಎಲ್ಲ. ಬೇಡ ಎಂದ ಐದನ್ನೂ, ಎರಡನ್ನೂ ಎಂದ ಇನ್ನೊಬ್ಬರದನ್ನೂ ಓದಿದಳು. ಈ ಸಲ ಆರಿಸುವ ಕೆಲಸಕ್ಕೆ ಕೈ ಹಾಕಲಿಲ್ಲ. ಕೊನೆಗೆ ಮೂವತ್ತೊಂದನೆಯವರ ಉಳಿದರ್ಧ ಮಾತನ್ನೂ ಓದಿದಳು.

ಮಾವ ಇಸ್ತ್ರಿಪೆಟ್ಟಿಗೆಯನ್ನು ನೇರ ನಿಲ್ಲಿಸಿ ಎಲ್ಲ ಕೇಳಿದರು.

"ಆಸ್ಪತ್ರೆಯಿಂದ ಬಂದವರು ಈ ಬೀದೀಲಿ ಬಹಳ ಜನ," ಎಂದರು. "ಯಾರಿವರು?"

"ಹೇಳೋ ಹಾಗಿಲ್ಲ ಮಾವ. ಹೇಳಲ್ಲ ಅಂತ ಮಾತು ಕೊಟ್ಟೇ ಕೇಳಿರ್ತೀವಿ."

"ಒಂದ್ಸಲ ಧ್ವನಿ ಕೇಳಿಸ್ತೀರಾ? ಗುರುತು ಹಿಡೀತೀನಿ."

"ಅದಕ್ಕೇ ಕೇಳ್ಸೋ ಹಾಗಿಲ್ಲ."

ಮಾವ ಗೋಡೆಯ ಕಾಗದವನ್ನು ನೋಡಿದರು. ಅವರು ಕೋಪ ಮಾಡಿಕೊಂಡಿರಲಿಲ್ಲ. ಏನನ್ನೋ ಲೆಕ್ಕ ಹಾಕುತ್ತಿದ್ದರು.

"ಯಾರು ಅಂತ ಗೊತ್ತಾದ್ರೆ ಆ ಐದು ಜನದ ಹತ್ರ ಸುಮ್ನಿರ್ತಿದ್ದೆ. ಗೊತ್ತಿಲ್ವಲ್ಲಮ್ಮ. ಇನ್ಮೇಲೆ ಬಾಗಿಲಲ್ಲಿ ಯಾರು ಬಂದ್ರೂ, ಇವರು ಹದಿನಾರರವರೋ ಐದರವರೋ ಅಂತ ನೋಡ್ಬೇಕಾಗುತ್ತೆ. ಅದಕ್ಕೆ ಎಲ್ರ ಹತ್ರಾನೂ ಸುಮ್ನಿದ್ರಾಯ್ತು."

ಎಲ್ಲ ಉತ್ತರಕ್ಕೂ ಒಂದು ಡಬ್ಬಿ ಇಟ್ಟುಕೊಂಡವಳ ಬಳಿ ಇದಕ್ಕೆ ಡಬ್ಬಿ ಇರಲಿಲ್ಲ.

ಭಾನುವಾರದ ಸಭೆ ಬೇಕರಿಯ ಹಿಂದಿನ ಕೋಣೆಯಲ್ಲಿ, ಹಿಟ್ಟಿನ ಮೂಟೆಗಳ ನಡುವೆ ನಡೆಯಿತು. ಯಜಮಾನಿ ಅವಳಿಗೆ ಹೇಳಿದ್ದಳು: ಬೇಕಿದ್ದರೆ ಈ ವಿಷಯ ಎತ್ತುವುದು ಬೇಡ, ನನ್ನ ಮನೆಯ ಮಾತು ನನ್ನ ಮನೆಯಲ್ಲೇ ಇರಲಿ. ಆ ಔದಾರ್ಯವನ್ನು ಗೆರೆಯಕ್ಕ ಬೇಕರಿಯ ಬಾಗಿಲಿನವರೆಗೂ ಜೇಬಿನಲ್ಲಿಟ್ಟುಕೊಂಡೇ ಹೋದಳು. ಒಳಗೆ ಕನ್ನಡಕದವನು ಆಗಲೇ ಆ ಕಿವಿ ಒಗೆಯುವ ಮಾತನ್ನು ಅಭಿನಯಿಸಿ ತೋರಿಸುತ್ತಿದ್ದ. ಐದು ಜನ ನಗುತ್ತಿದ್ದರು. ತನ್ನ ವರದಿಯಿಂದ ಜನರ ಬಾಯಿಗೆ ಹೋದದ್ದು ಇದೊಂದೇ ಎಂದು ಅವಳಿಗೆ ಆಗ ತಿಳಿಯಿತು. ಮೂವತ್ತೊಂಬತ್ತು ಜನಕ್ಕೆ ಬಟ್ಟೆ ಹೇಳಿದ ದಿನಕ್ಕೆ ಸಿಕ್ಕಿದ್ದನ್ನು ಯಾರೂ ಅಭಿನಯಿಸಲಿಲ್ಲ.

ಎದ್ದು ನಿಂತು ಹೇಳಿದಳು. ಹೇಗೆ ಎಣಿಸಿದ್ದೆ, ಎಲ್ಲಿ ತಪ್ಪಿದೆ, ಆ ಮಾತಿನ ಉಳಿದರ್ಧ ಏನು, ಎಲ್ಲವನ್ನೂ. ಈ ಸಲ ಗೊಂದಲ ತಾನಾಗಿ ಉಂಟಾಗಲಿಲ್ಲ, ಪ್ರತಿ ವಾಕ್ಯಕ್ಕೂ ಕರ್ತೃವಾಗಿ ಅವಳೇ ಇದ್ದಳು. ಬೀಗದ ಕೈಯವನು ತನಗೆ ಹೇಗೂ ಗಿರಾಕಿಗಳೇ ಕಡಿಮೆ, ಫೋನ್ ಮಾಡಿಸುವಷ್ಟಿಲ್ಲ ಎಂದ. ಕನ್ನಡಕದವನು ಮುಂದಿನ ವರ್ಷ ನೋಡೋಣ ಎಂದ. ಇನ್ನಿಬ್ಬರು ಗಡಿಯಾರ ನೋಡಿದರು. ಆರರಲ್ಲಿ ಉಳಿದದ್ದು ಇಬ್ಬರು. ಬೇಕರಿಯವನು ಮಾತ್ರ, ಹಾಗಾದರೆ ನನ್ನದಕ್ಕೆ ಎರಡೆರಡು ಡಬ್ಬಿ ಮಾಡುತ್ತೀರಿ ತಾನೇ ಎಂದು ಕೇಳಿದ. ಮಾಡುತ್ತೇನೆ ಎಂದಳು. ಎದೆ ಹಗುರವಾಗಬೇಕಿತ್ತು. ಆಗಲಿಲ್ಲ.

ಸೋಮವಾರ ಯಜಮಾನಿ ಯಂತ್ರವನ್ನು ಕಪಾಟಿನ ಮೇಲಕ್ಕೆ ಎತ್ತಿಟ್ಟು, ಮಾವನ ಕೈ ಹಿಡಿದು ಕರೆತಂದು ಕೌಂಟರಿನ ಹಿಂದೆ ನಿಲ್ಲಿಸಿದಳು. ಮಾವ ನಿಂತರು. ಬಟ್ಟೆ ತೆಗೆದುಕೊಂಡರು. ಏನು ಕಲೆ, ಯಾವತ್ತಿಗೆ ಬೇಕು ಎಂಬೆರಡು ಪ್ರಶ್ನೆ ಕೇಳಿ ರಸೀದಿ ಬರೆದರು. ಕಲೆಗಳೆಲ್ಲ ಹೋಗುತ್ತಿದ್ದವು, ಬಟ್ಟೆಗಳು ಹೇಳಿದ ದಿನಕ್ಕೆ ಸಿಗುತ್ತಿದ್ದವು, ಅಂಗಡಿಗೆ ಇನ್ನು ಯಾವ ಕೊರತೆಯೂ ಇರಲಿಲ್ಲ. ಹುಷಾರಿಲ್ಲವಾ ಮಾವ ಎಂದು ಕೇಳುವವರು ಮಾತ್ರ ದಿನಕ್ಕೆ ಹತ್ತು ಜನ. ಅವರಲ್ಲಿ ಮೂವತ್ತೊಂದನೆಯವರೂ ಇದ್ದಿರಬಹುದು. ಮಾವ ಎಲ್ಲರಿಗೂ ಚೆನ್ನಾಗಿದ್ದೀನಿ ಎನ್ನುತ್ತಿದ್ದರು, ರಸೀದಿಯಿಂದ ಕಣ್ಣೆತ್ತದೆ.

ಯಜಮಾನಿಯ ಬಾಯಿಂದ ಇದನ್ನೆಲ್ಲ ಕೇಳಿಕೊಂಡೇ ತಿಂಗಳಾದ ಮೇಲೆ ಗೆರೆಯಕ್ಕ ದೊಡ್ಡಮ್ಮನ ಉಣ್ಣೆಯ ಶಾಲು ಹಿಡಿದು ಹೋದಳು. ಬೇಕೆಂದೇ ಸಂಜೆ ಆರು ಗಂಟೆಗೆ, ಜನ ಇರುವ ಹೊತ್ತಿಗೆ. ಹಿಂದೆ ನಾಲ್ಕು ಜನ ನಿಂತಿದ್ದರು. ಮಾವ ಶಾಲು ಬಿಡಿಸಿ ನೋಡಿ, ಏನು ಕಲೆ ಎಂದರು.

ಗೆರೆಯಕ್ಕ ಹೇಳತೊಡಗಿದಳು. ಕಲೆ ಮಜ್ಜಿಗೆಯದು ಎಂದು ಒಂದೇ ಪದದಲ್ಲಿ ಮುಗಿಸಬಹುದಿತ್ತು. ಅವಳು ಶಾಲಿನಿಂದ ಶುರು ಮಾಡಿದಳು. ನಿವೃತ್ತಿಯ ದಿನ ಎಕ್ಸ್‌ಚೇಂಜಿನ ಹೆಂಗಸರೆಲ್ಲ ಸೇರಿ ದೊಡ್ಡಮ್ಮನಿಗೆ ಹೊದಿಸಿದ್ದು ಎಂದಳು, ಅಂದು ಯಾರು ಅತ್ತರು ಯಾರು ಅತ್ತಂತೆ ಮಾಡಿದರು ಎಂದಳು, ಶಾಲಿನ ಅಂಚಿನ ಹೊಲಿಗೆ ಬಿಟ್ಟದ್ದು ಯಾವ ಚಳಿಗಾಲದಲ್ಲಿ ಎಂದಳು. ಮಜ್ಜಿಗೆ ಇನ್ನೂ ಬಹಳ ದೂರದಲ್ಲಿತ್ತು. ಹಿಂದಿನವರು ಕಾಲು ಬದಲಾಯಿಸಿದರು. ಒಬ್ಬರು ಗಂಟಲು ಸರಿಮಾಡಿಕೊಂಡರು. ತನ್ನ ಕತೆ ಕೆಟ್ಟದಾಗಿ ಸಾಗುತ್ತಿದೆಯೆಂದು ಅವಳಿಗೆ ಗೊತ್ತಿತ್ತು, ಕತ್ತು ಬೆವರುತ್ತಿತ್ತು, ಆದರೂ ನಿಲ್ಲಿಸಲಿಲ್ಲ. ಮೂವತ್ತೊಂದು ವರ್ಷ ಈ ಮನುಷ್ಯ ಹೊತ್ತ ಮಾತಿನ ಭಾರ ಎಷ್ಟು ಎಂದು ಅವಳಿಗೆ ಮೊದಲ ಸಲ ಹೆಗಲಿಗೆ ತಾಗಿತು.

ಮಾವ ಪೆನ್ನು ಹಿಡಿದು ಕಾಯುತ್ತಿದ್ದರು. ಅವರ ಮುಖದಲ್ಲಿ ಏನೋ ಸಡಿಲವಾಗುತ್ತದೆಯೇ ಎಂದು ಅವಳು ಹುಡುಕಿದಳು. ಒಂದು ಕ್ಷಣ ತುಟಿ ಅಲುಗಿತು, ಕೇಳುವುದಕ್ಕೇನೋ ಇದ್ದಂತೆ. ಅಷ್ಟರಲ್ಲಿ ಅವರ ಕಣ್ಣು ಅವಳ ಭುಜದ ಮೇಲಿಂದ ಹಿಂದಿನ ನಾಲ್ವರ ಕಡೆ ಹೋಯಿತು. ಒಬ್ಬೊಬ್ಬರ ಮುಖದ ಮೇಲೂ ಒಂದು ಕ್ಷಣ ನಿಂತು, ಎಣಿಸಿ, ವಾಪಸು ಬಂತು.

"ಸ್ವಲ್ಪ ಬೇಗ ಹೇಳಮ್ಮ," ಎಂದರು ಮಾವ, ಬಹಳ ಮೆತ್ತಗೆ. "ಹಿಂದೆ ಜನ ಇದ್ದಾರೆ."